ಪ್ರಸ್ತಾವಿತ ಲಾಭಾಂಶ: ಲೆಕ್ಕದಲ್ಲಿ ಮತ್ತು ಟಿಪ್ಪಣಿಯಲ್ಲಿ

ಹಣಕಾಸು ವರ್ಷ ಮುಗಿದ ಮೇಲೆ, ಆ ವರ್ಷದ ಲಾಭದಿಂದ ಷೇರುದಾರರಿಗೆ ಇಷ್ಟು ಹಂಚಬಹುದೆಂದು ಕಂಪನಿಯ ನಿರ್ದೇಶಕ ಮಂಡಳಿ ಶಿಫಾರಸು ಮಾಡುವ ಮೊತ್ತವೇ ಪ್ರಸ್ತಾವಿತ ಲಾಭಾಂಶ. ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಮಂಡಳಿ ಲೆಕ್ಕಪತ್ರಗಳನ್ನು ಒಪ್ಪಿ ಡಿವಿಡೆಂಡ್ ಶಿಫಾರಸು ಮಾಡುವುದು ಸಾಮಾನ್ಯವಾಗಿ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ. ಷೇರುದಾರರು ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಅದಕ್ಕೆ ಒಪ್ಪಿಗೆ ಕೊಡುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹೀಗಿರುವಾಗ ಮಾರ್ಚ್ 31ರ ಅಢಾವೆ ಪತ್ರಿಕೆಯಲ್ಲಿ ಈ ಮೊತ್ತ ಹೊಣೆಯಾಗಿ ಕಾಣಬೇಕೇ? ಭಾರತದಲ್ಲಿ ಇಂದು ಜಾರಿಯಲ್ಲಿರುವ ಎರಡೂ ಲೆಕ್ಕಪತ್ರ ಮಾನದಂಡಗಳು, ಅಂದರೆ ಎಎಸ್ 4 ಮತ್ತು ಇಂಡ್ ಎಎಸ್ 10, ಕಾಣಬಾರದು ಎನ್ನುತ್ತವೆ. ಮೊತ್ತವನ್ನು ಟಿಪ್ಪಣಿಯಲ್ಲಿ ಹೇಳಬೇಕು, ಲೆಕ್ಕದೊಳಗೆ ತರಬಾರದು.

ಈ ಉತ್ತರದ ಬೇರು ಕಂಪನಿ ಕಾನೂನಿನಲ್ಲಿದೆ. ಅಂತಿಮ ಲಾಭಾಂಶವನ್ನು ಘೋಷಿಸುವ ಅಧಿಕಾರ ಮಂಡಳಿಗಿಲ್ಲ, ಸದಸ್ಯರ ಸಭೆಗಿದೆ. 2013ರ ಕಂಪನಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಮಾದರಿ ನಿಯಮಾವಳಿ, ಟೇಬಲ್ ಎಫ್, ತನ್ನ 80ನೇ ನಿಯಮದಲ್ಲಿ ಇದನ್ನು ನೇರವಾಗಿಯೇ ಹೇಳುತ್ತದೆ. ಸಭೆ ಲಾಭಾಂಶ ಘೋಷಿಸಬಹುದು, ಆದರೆ ಮಂಡಳಿ ಶಿಫಾರಸು ಮಾಡಿದ್ದಕ್ಕಿಂತ ಹೆಚ್ಚು ಘೋಷಿಸುವಂತಿಲ್ಲ. ಅಂದರೆ ಷೇರುದಾರರು ಮೊತ್ತವನ್ನು ಇಳಿಸಬಹುದು, ಪೂರ್ತಿ ತಳ್ಳಿಹಾಕಲೂಬಹುದು, ಏರಿಸುವಂತಿಲ್ಲ. ಸಭೆಯಲ್ಲಿ ಒಪ್ಪಿಗೆ ಸಿಕ್ಕ ಕ್ಷಣದಿಂದ ಅದು ಕಂಪನಿ ತನ್ನ ಷೇರುದಾರರಿಗೆ ತೀರಿಸಬೇಕಾದ ಸಾಲ. ಅದಕ್ಕೆ ಮುಂಚೆ ಅದು ಮಂಡಳಿಯ ಒಂದು ಇರಾದೆ ಮಾತ್ರ. ಮಾರ್ಚ್ 31ರಂದು ಆ ಇರಾದೆಯೂ ಹುಟ್ಟಿರುವುದಿಲ್ಲ. ಆ ದಿನ ಇಲ್ಲದ ಸಾಲವನ್ನು ಆ ದಿನದ ಪಟ್ಟಿಯಲ್ಲಿ ಬರೆಯಲು ಬರುವುದಿಲ್ಲ.

ಹಳೆಯ ರೂಢಿ ಇದಕ್ಕೆ ತಿರುವುಮುರುವಾಗಿತ್ತು. 1956ರ ಕಾಯ್ದೆಯ ಆರನೇ ಅನುಸೂಚಿಯಲ್ಲಿ ‘ಚಾಲ್ತಿ ಹೊಣೆಗಳು ಮತ್ತು ಪ್ರಾವಿಷನ್‌ಗಳು’ ಎಂಬ ತಲೆಬರಹದ ಕೆಳಗೆ ಪ್ರಸ್ತಾವಿತ ಲಾಭಾಂಶಕ್ಕೆ ಪ್ರತ್ಯೇಕ ಸಾಲೇ ಇತ್ತು. ಲಾಭ-ನಷ್ಟ ಖಾತೆಯ ಕೆಳಭಾಗದಲ್ಲಿ ಲಾಭದ ವಿನಿಯೋಗವನ್ನು ತೋರಿಸಿ ಅಲ್ಲಿಂದ ಮೊತ್ತವನ್ನು ಕಳೆಯುತ್ತಿದ್ದರು. ಮೂವತ್ತು-ನಲವತ್ತು ವರ್ಷ ಲೆಕ್ಕ ಬರೆದವರ ಕೈಗೆ ಆ ನಮೂದು ಅಭ್ಯಾಸವಾಗಿಬಿಟ್ಟಿತ್ತು. ಆ ವರ್ಷದ ಲಾಭದ ಪಾಲು ಆ ವರ್ಷದ ಲೆಕ್ಕದಲ್ಲೇ ಕಾಣಲಿ ಎಂಬ ಆಸೆಯೂ ಅದರ ಹಿಂದೆ ಇತ್ತು. ಸದಸ್ಯರು ಮಂಡಳಿಯ ಶಿಫಾರಸನ್ನು ತಿರಸ್ಕರಿಸುವುದು ಅಪರೂಪವಾದ್ದರಿಂದ ಈ ಪದ್ಧತಿ ಹೊರನೋಟಕ್ಕೆ ಅಸಂಗತವಾಗಿಯೂ ಕಾಣುತ್ತಿರಲಿಲ್ಲ.

2011ರ ಏಪ್ರಿಲ್ 1ರಿಂದ ಆರಂಭವಾದ ವರ್ಷಗಳಿಗೆ ಪರಿಷ್ಕೃತ ಆರನೇ ಅನುಸೂಚಿ ಬಂತು. ಅದು ಪ್ರಸ್ತಾವಿತ ಲಾಭಾಂಶವನ್ನು ಟಿಪ್ಪಣಿಗೆ ವರ್ಗಾಯಿಸಿತು. ಆದರೆ ಎಎಸ್ 4 ಮಾತ್ರ ಇನ್ನೂ ಪ್ರಾವಿಷನ್ ಮಾಡಿ ಎನ್ನುತ್ತಿತ್ತು. ಅನುಸೂಚಿಗೂ ಮಾನದಂಡಕ್ಕೂ ಭಿನ್ನತೆ ಬಂದರೆ ಮಾನದಂಡವೇ ಮೇಲು ಎಂದು ಅನುಸೂಚಿಯೇ ಹೇಳಿದ್ದರಿಂದ, ಸುಮಾರು ಐದು ವರ್ಷ ಕಂಪನಿಗಳು ಹಳೆಯ ನಮೂದನ್ನೇ ಬರೆಯುತ್ತಾ ಹೋದವು. ಈ ಗಂಟು ಬಿಚ್ಚಿದ್ದು 2016ರ ಮಾರ್ಚ್ 30ರಂದು. ಅಂದು ಪ್ರಕಟವಾದ ತಿದ್ದುಪಡಿ ನಿಯಮಗಳು ಎಎಸ್ 4ರ 14ನೇ ಕಂಡಿಕೆಯನ್ನು ಬದಲಿಸಿದವು: ಅಢಾವೆ ದಿನಾಂಕದ ನಂತರ ಘೋಷಿಸಿದ ಲಾಭಾಂಶವನ್ನು, ಬೇರೆ ಯಾವುದೇ ಕಾನೂನು ಕಡ್ಡಾಯಪಡಿಸದಿದ್ದರೆ, ಆ ದಿನದ ಹೊಣೆಯಾಗಿ ತೋರಿಸಬಾರದು. 30ರಂದು ಬಂದ ನಿಯಮ 31ಕ್ಕೆ ಮುಗಿಯುವ ವರ್ಷಕ್ಕೂ ಅನ್ವಯವೇ ಎಂಬ ಗೊಂದಲ ಸಹಜವಾಗಿಯೇ ಎದ್ದಿತು. ಅಧಿಸೂಚನೆಯ ದಿನ ಅಥವಾ ಅದರ ನಂತರ ಶುರುವಾಗುವ ಲೆಕ್ಕದ ಅವಧಿಗಳಿಗೆ ಮಾತ್ರ ಎಂದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಮುಂದಿನ ತಿಂಗಳು ಸುತ್ತೋಲೆ ಹೊರಡಿಸಿತು. ಹಾಗಾಗಿ ಹೊಸ ಪದ್ಧತಿಯ ಮೊದಲ ವರ್ಷ 2016-17. ಅಂತರರಾಷ್ಟ್ರೀಯ ಮಾನದಂಡ ಐಎಎಸ್ 10ರಲ್ಲಿ ಈ ನಿಲುವು ಬಹಳ ಹಿಂದೆಯೇ ಇತ್ತು. ಇಂಡ್ ಎಎಸ್ 10 ಅದನ್ನು ತನ್ನ 12 ಮತ್ತು 13ನೇ ಕಂಡಿಕೆಗಳಲ್ಲಿ ಉಳಿಸಿಕೊಂಡಿದೆ.

ಬದಲಾವಣೆಯ ವರ್ಷದ ಲೆಕ್ಕಗಳನ್ನು ಈಗ ತೆರೆದು ನೋಡುವವರಿಗೆ ಒಂದು ವಿಚಿತ್ರ ಕಾಣುತ್ತದೆ. 2015-16ರ ಲಾಭಾಂಶವನ್ನು ಆ ವರ್ಷದಲ್ಲೇ ಕಳೆದಾಗಿತ್ತು. 2016-17ರದ್ದನ್ನು ಹೊಸ ನಿಯಮದಂತೆ 2017-18ರಲ್ಲಿ ಕಳೆದರು. ನಡುವಿನ ವರ್ಷದ ಮೀಸಲಿನಲ್ಲಿ, ಮಧ್ಯಂತರ ಲಾಭಾಂಶ ಕೊಟ್ಟಿರದಿದ್ದರೆ, ಡಿವಿಡೆಂಡಿನ ಸಾಲೇ ಇಲ್ಲ. ಕಂಪನಿ ಆ ವರ್ಷ ಹಣ ಹಂಚಲಿಲ್ಲ ಎಂದು ಓದಿದರೆ ತಪ್ಪಾಗುತ್ತದೆ. ಹಣ ಬ್ಯಾಂಕಿನಿಂದ ಎಂದಿನಂತೆ ಹೋಗಿತ್ತು, ಹಿಂದಿನ ವರ್ಷದ ಪ್ರಾವಿಷನ್ ಅದರಿಂದ ತೀರಿತ್ತು. ಇಂಡ್ ಎಎಸ್‌ಗೆ ಹೊರಳಿದ ದೊಡ್ಡ ಕಂಪನಿಗಳಲ್ಲಿ ಇದು ಬೇರೆ ರೂಪದಲ್ಲಿ ಬಂತು. ಅವು ಪರಿವರ್ತನೆಯ ದಿನದಂದು ಹಳೆಯ ಪ್ರಾವಿಷನ್ನನ್ನು ತೆಗೆದು ಮೀಸಲಿಗೆ ಸೇರಿಸಿದವು. ಆ ಹೊಂದಾಣಿಕೆ ಪಟ್ಟಿಗಳಲ್ಲಿ ‘ಪ್ರಸ್ತಾವಿತ ಲಾಭಾಂಶ ಮತ್ತು ಅದರ ಮೇಲಿನ ತೆರಿಗೆ’ ಎಂಬ ಸಾಲು ಇರುವುದು ಇದೇ ಕಾರಣಕ್ಕೆ.

ಒಂದು ಉದಾಹರಣೆ

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಂಪನಿ ಇದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ತಲಾ ₹10ರ 50 ಲಕ್ಷ ಷೇರುಗಳಿವೆ, ಬಂಡವಾಳ ₹5 ಕೋಟಿ. 2024ರ ಏಪ್ರಿಲ್ 1ರಂದು ಮೀಸಲು ₹30 ಕೋಟಿ. 2023-24ರ ಲೆಕ್ಕದ ಟಿಪ್ಪಣಿಯಲ್ಲಿ ಷೇರಿಗೆ ₹2ರಂತೆ ₹1 ಕೋಟಿ ಲಾಭಾಂಶ ಪ್ರಸ್ತಾವಿಸಿದೆ ಎಂದಿತ್ತು. 2024ರ ಆಗಸ್ಟ್ ಸಭೆ ಅದನ್ನು ಒಪ್ಪಿತು, ಹಣ ಹೋಯಿತು. 2024-25ರ ತೆರಿಗೆ ನಂತರದ ಲಾಭ ₹8 ಕೋಟಿ. 2025ರ ಮೇ 20ರಂದು ಮಂಡಳಿ ಲೆಕ್ಕಗಳಿಗೆ ಸಹಿ ಹಾಕಿ, ಷೇರಿಗೆ ₹3ರಂತೆ ₹1.50 ಕೋಟಿ ಲಾಭಾಂಶ ಶಿಫಾರಸು ಮಾಡಿತು. ವಾರ್ಷಿಕ ಸಭೆ ಆಗಸ್ಟ್ 12ಕ್ಕೆ.

2025ರ ಮಾರ್ಚ್ 31ರ ಮೀಸಲು ಎಷ್ಟು? ಆರಂಭದ 30ಕ್ಕೆ ಲಾಭದ 8 ಸೇರಿಸಿ, ಈ ವರ್ಷದೊಳಗೆ ಘೋಷಣೆಯಾದ ಹಿಂದಿನ ವರ್ಷದ 1 ಕಳೆದರೆ ₹37 ಕೋಟಿ. ಮೇ ತಿಂಗಳ ₹1.50 ಕೋಟಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ. ಹಳೆಯ ಪದ್ಧತಿಯಲ್ಲಿ ಆರಂಭದ ಮೀಸಲೇ ₹29 ಕೋಟಿ ಇರುತ್ತಿತ್ತು, ಏಕೆಂದರೆ ಆ ₹1 ಕೋಟಿಯನ್ನು ಹಿಂದಿನ ವರ್ಷವೇ ತೆಗೆದಿರುತ್ತಿದ್ದರು. ಅದಕ್ಕೆ 8 ಸೇರಿಸಿ 1.50 ಕಳೆದರೆ ₹35.50 ಕೋಟಿ. ಎರಡು ಪದ್ಧತಿಗಳ ನಡುವಿನ ಅಂತರ ಸರಿಯಾಗಿ ಆ ₹1.50 ಕೋಟಿಯೇ.

ಈ ಎರಡನ್ನೂ ಕಲಸಿದವರು ಮಾಡುವ ತಪ್ಪು ಇನ್ನೊಂದು ಬಗೆಯದು. 30ರಿಂದ ಶುರುಮಾಡಿ, ಈ ವರ್ಷ ಘೋಷಿಸಿದ 1ನ್ನೂ ಕಳೆದು, ಪ್ರಸ್ತಾವಿಸಿದ 1.50ನ್ನೂ ಕಳೆಯುತ್ತಾರೆ. ಒಂದೇ ವರ್ಷದ ಮೀಸಲು ಎರಡು ವರ್ಷದ ಡಿವಿಡೆಂಡನ್ನು ಹೊರುತ್ತದೆ. ಕಳೆದ ವರ್ಷದ ಜರ್ನಲ್ ನಮೂದುಗಳನ್ನು ನಕಲು ಮಾಡಿ ಹೊಸ ವರ್ಷದ ಪುಸ್ತಕ ತೆರೆಯುವ ಸಣ್ಣ ಕಂಪನಿಗಳಲ್ಲಿ ಇದು ಆಗುವುದುಂಟು. ಅಲ್ಪಾವಧಿ ಪ್ರಾವಿಷನ್‌ಗಳ ಪಟ್ಟಿಯಲ್ಲಿ ‘ಪ್ರಸ್ತಾವಿತ ಲಾಭಾಂಶ’ ಎಂಬ ಸಾಲು ಕಂಡರೆ ಸಾಕು, ಅಲ್ಲಿ ನಿಂತು ನೋಡಬೇಕು. ಲೆಕ್ಕಪರಿಶೋಧಕರು ಸಾಮಾನ್ಯವಾಗಿ ಮಾಡುವ ಪರೀಕ್ಷೆ ಬಹಳ ಸರಳ: ಹಿಂದಿನ ವರ್ಷದ ಟಿಪ್ಪಣಿಯ ಪ್ರಸ್ತಾವಿತ ಮೊತ್ತವನ್ನು ಈ ವರ್ಷ ಮೀಸಲಿನಿಂದ ಕಳೆದ ಮೊತ್ತದ ಪಕ್ಕ ಇಟ್ಟು ನೋಡುವುದು. ಎರಡೂ ಒಂದೇ ಆಗಿರಬೇಕು, ಇಲ್ಲವೇ ವ್ಯತ್ಯಾಸಕ್ಕೆ ಷೇರುಗಳ ಸಂಖ್ಯೆಯಲ್ಲಿ ಕಾರಣ ಸಿಗಬೇಕು.

ಅಢಾವೆ ಪತ್ರಿಕೆಯ ಅನುಪಾತಗಳ ಮೇಲೂ ಇದರ ಪರಿಣಾಮವಿದೆ. ನಮ್ಮ ಕಂಪನಿಯ ಚಾಲ್ತಿ ಆಸ್ತಿ ₹18 ಕೋಟಿ, ಚಾಲ್ತಿ ಹೊಣೆ ₹10 ಕೋಟಿ ಎನ್ನೋಣ. ಅನುಪಾತ 1.80. ಹಳೆಯ ಪದ್ಧತಿಯಲ್ಲಿ ಹೊಣೆ ₹11.50 ಕೋಟಿಯಾಗಿ ಅನುಪಾತ ಸುಮಾರು 1.57ಕ್ಕೆ ಇಳಿಯುತ್ತಿತ್ತು. ಕಂಪನಿಯ ವ್ಯವಹಾರದಲ್ಲಿ ಏನೂ ಬದಲಾಗಿಲ್ಲ. ಕೆಲವೇ ತಿಂಗಳಲ್ಲಿ ₹1.50 ಕೋಟಿ ಹೊರಹೋಗಲಿದೆ ಎಂಬುದೂ ನಿಜವೇ. ಆದ್ದರಿಂದ ಸಾಲ ಕೊಡುವ ಬ್ಯಾಂಕಿನವರು ಟಿಪ್ಪಣಿ ಓದದೆ ಅನುಪಾತ ತೆಗೆದರೆ ನಷ್ಟ ಅವರದೇ.

ಟಿಪ್ಪಣಿಯಲ್ಲಿ ಏನಿರಬೇಕು

2013ರ ಕಾಯ್ದೆಯ ಮೂರನೇ ಅನುಸೂಚಿ ಎರಡು ಅಂಕಿಗಳನ್ನು ಕೇಳುತ್ತದೆ: ಈಕ್ವಿಟಿ ಮತ್ತು ಪ್ರಿಫರೆನ್ಸ್ ಷೇರುದಾರರಿಗೆ ಪ್ರಸ್ತಾವಿಸಿದ ಒಟ್ಟು ಮೊತ್ತ, ಮತ್ತು ಷೇರೊಂದಕ್ಕೆ ಎಷ್ಟು ಎಂಬುದು. ಇಂಡ್ ಎಎಸ್ 1ರ 137ನೇ ಕಂಡಿಕೆಯೂ ಇದನ್ನೇ ಕೇಳುತ್ತದೆ. ನಮ್ಮ ಕಂಪನಿಯ ಟಿಪ್ಪಣಿ ಹೀಗಿದ್ದರೆ ಸಾಕು: ‘2025ರ ಮೇ 20ರ ಸಭೆಯಲ್ಲಿ ನಿರ್ದೇಶಕ ಮಂಡಳಿಯು 2024-25ನೇ ಸಾಲಿಗೆ ತಲಾ ₹10ರ ಈಕ್ವಿಟಿ ಷೇರಿಗೆ ₹3ರಂತೆ, ಒಟ್ಟು ₹1.50 ಕೋಟಿ ಅಂತಿಮ ಲಾಭಾಂಶವನ್ನು ಶಿಫಾರಸು ಮಾಡಿದೆ. ಇದು ಮುಂದಿನ ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಷೇರುದಾರರ ಒಪ್ಪಿಗೆಗೆ ಒಳಪಟ್ಟಿದ್ದು, 2025ರ ಮಾರ್ಚ್ 31ರಂದು ಹೊಣೆಯಾಗಿ ಪರಿಗಣಿಸಿಲ್ಲ.’

ಇದನ್ನು ಎಲ್ಲಿ ಬರೆಯುವುದು ಎಂಬ ವಿಷಯದಲ್ಲಿ ಒಂದು ಸಣ್ಣ ತಕರಾರಿದೆ. ಕೆಲವು ಪಠ್ಯಪುಸ್ತಕಗಳು, ಅವನ್ನು ಓದಿ ಬಂದ ಅನೇಕರು, ಇದನ್ನು ಸಂಭಾವ್ಯ ಹೊಣೆ ಎನ್ನುತ್ತಾರೆ. ಆ ಹೆಸರು ಇದಕ್ಕೆ ಒಪ್ಪುವುದಿಲ್ಲ. ಸಂಭಾವ್ಯ ಹೊಣೆ ಹುಟ್ಟುವುದು ಈಗಾಗಲೇ ನಡೆದ ಘಟನೆಯಿಂದ, ಉದಾಹರಣೆಗೆ ನ್ಯಾಯಾಲಯದಲ್ಲಿರುವ ತೆರಿಗೆ ವಿವಾದದಿಂದ. ಮಾರ್ಚ್ 31ಕ್ಕೆ ಮೊದಲು ಲಾಭಾಂಶದ ವಿಷಯದಲ್ಲಿ ಅಂಥದ್ದೇನೂ ನಡೆದಿಲ್ಲ. ಅನುಸೂಚಿಯೂ ಸಂಭಾವ್ಯ ಹೊಣೆಗಳನ್ನು ಒಂದು ಕಡೆ, ಪ್ರಸ್ತಾವಿತ ಲಾಭಾಂಶವನ್ನು ಇನ್ನೊಂದು ಕಡೆ ಹೆಸರಿಸುತ್ತದೆ. ಷೇರು ಬಂಡವಾಳ ಅಥವಾ ಮೀಸಲಿನ ಟಿಪ್ಪಣಿಯ ಜೊತೆಗೋ, ಅಢಾವೆ ದಿನಾಂಕದ ನಂತರದ ಘಟನೆಗಳ ಟಿಪ್ಪಣಿಯಲ್ಲೋ ಬರೆಯುವುದು ಮೇಲು.

ಒಟ್ಟು ಮೊತ್ತ ಎಂಬುದು ಬರೆದ ದಿನದ ಷೇರು ಸಂಖ್ಯೆಯ ಮೇಲಿನ ಅಂದಾಜು. ನಮ್ಮ ಕಂಪನಿ ಜುಲೈಯಲ್ಲಿ ನೌಕರರ ಷೇರು ಯೋಜನೆಯಡಿ 1 ಲಕ್ಷ ಹೊಸ ಷೇರು ಕೊಟ್ಟು, ಅವೂ ರೆಕಾರ್ಡ್ ದಿನಾಂಕಕ್ಕೆ ಮುಂಚೆ ಪಟ್ಟಿಗೆ ಸೇರಿದವು ಎಂದುಕೊಳ್ಳಿ. ಆಗ 51 ಲಕ್ಷ ಷೇರಿಗೆ ₹3ರಂತೆ ₹1.53 ಕೋಟಿ ಕೊಡಬೇಕಾಗುತ್ತದೆ. ಟಿಪ್ಪಣಿಯ ₹1.50 ಕೋಟಿ ತಪ್ಪಾಗಿರಲಿಲ್ಲ, ಅದನ್ನು ತಿದ್ದಬೇಕಾಗಿಯೂ ಇಲ್ಲ. ಹಳೆಯ ಪದ್ಧತಿಯಲ್ಲಿ ಈ ₹3 ಲಕ್ಷಕ್ಕೆ ‘ಹಿಂದಿನ ವರ್ಷದ ಲಾಭಾಂಶ’ ಎಂದು ಮುಂದಿನ ವರ್ಷದ ಮೀಸಲಿನಲ್ಲಿ ಬೇರೆ ಸಾಲು ಬೇಕಾಗುತ್ತಿತ್ತು. ಈಗ ಆ ತಾಪತ್ರಯ ಇಲ್ಲ. ಆಗಸ್ಟ್ 12ರಂದು ಒಂದೇ ನಮೂದು: ಉಳಿಸಿಕೊಂಡ ಗಳಿಕೆಗೆ ₹1.53 ಕೋಟಿ ಡೆಬಿಟ್, ಪಾವತಿಸಬೇಕಾದ ಲಾಭಾಂಶಕ್ಕೆ ಅಷ್ಟೇ ಕ್ರೆಡಿಟ್. ಲಾಭ-ನಷ್ಟ ಖಾತೆಯ ಗೊಡವೆಯೇ ಇಲ್ಲ, ಏಕೆಂದರೆ ಲಾಭಾಂಶ ಖರ್ಚಲ್ಲ.

ದೊಡ್ಡ ಕಂಪನಿಗಳಲ್ಲಿ ಟಿಪ್ಪಣಿ ಹೇಗಿರುತ್ತದೆಂದು ನೋಡಲು ಬೆಂಗಳೂರಿನ ಇನ್ಫೋಸಿಸ್ ಒಳ್ಳೆಯ ಉದಾಹರಣೆ. 2024ರ ಏಪ್ರಿಲ್ 18ರಂದು ಅದರ ಮಂಡಳಿ 2023-24ಕ್ಕೆ ಷೇರಿಗೆ ₹20 ಅಂತಿಮ ಲಾಭಾಂಶ, ಜೊತೆಗೆ ₹8 ವಿಶೇಷ ಲಾಭಾಂಶ ಶಿಫಾರಸು ಮಾಡಿತು. ಎರಡೂ ಮಾರ್ಚ್ 31ರ ಹೊಣೆಗಳಲ್ಲಿ ಇಲ್ಲ, ಟಿಪ್ಪಣಿಯಲ್ಲಿವೆ. ಸಮೂಹದ ಕ್ರೋಡೀಕೃತ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಂಪನಿಯ ಹಿಡಿತದಲ್ಲಿರುವ ನೌಕರರ ಟ್ರಸ್ಟ್ ಒಂದಿಷ್ಟು ಷೇರು ಇಟ್ಟುಕೊಂಡಿದೆ. ಸಮೂಹದ ದೃಷ್ಟಿಯಿಂದ ಅವು ತನ್ನವೇ ಷೇರುಗಳು, ಅವುಗಳಿಗೆ ಕೊಡುವ ಲಾಭಾಂಶ ಮನೆಯೊಳಗೇ ಉಳಿಯುತ್ತದೆ. ಆದ್ದರಿಂದ ಕ್ರೋಡೀಕೃತ ಲೆಕ್ಕದ ಲಾಭಾಂಶದ ಮೊತ್ತ ಆ ಷೇರುಗಳನ್ನು ಬಿಟ್ಟು ಇರುತ್ತದೆ. ಕಂಪನಿಯ ಪ್ರತ್ಯೇಕ ಲೆಕ್ಕಕ್ಕೂ ಸಮೂಹದ ಲೆಕ್ಕಕ್ಕೂ ಅಂಕಿ ಸ್ವಲ್ಪ ಬೇರೆ ಬರುವುದಕ್ಕೆ ಇದೊಂದು ಕಾರಣ.

2020ರ ಮಾರ್ಚ್‌ವರೆಗೆ ಕಂಪನಿಯೇ ಲಾಭಾಂಶ ವಿತರಣಾ ತೆರಿಗೆಯನ್ನೂ ಕಟ್ಟುತ್ತಿತ್ತು. ಪರಿಣಾಮದಲ್ಲಿ ಅದು ಶೇ. 20ಕ್ಕೂ ತುಸು ಮೇಲಿದ್ದ ಹೊರೆ. ಟಿಪ್ಪಣಿಯಲ್ಲಿ ಅದರ ಮೊತ್ತವನ್ನೂ ಹೇಳುತ್ತಿದ್ದರು. 2020ರ ಏಪ್ರಿಲ್ 1ರಿಂದ ಆ ತೆರಿಗೆ ಹೋಯಿತು, ಲಾಭಾಂಶ ಪಡೆಯುವವರ ಆದಾಯದ ಮೇಲೆ ತೆರಿಗೆ ಬಿತ್ತು. ಕಂಪನಿ ಈಗ ಮೂಲದಲ್ಲಿ ಕಡಿತ ಮಾಡುವುದಿದ್ದರೂ ಅದು ಷೇರುದಾರರ ದುಡ್ಡೇ. ಪ್ರಸ್ತಾವಿತ ಮೊತ್ತಕ್ಕೆ ತೆರಿಗೆ ಸೇರಿಸುವ ಪ್ರಶ್ನೆ ಬರುವುದಿಲ್ಲ. ಹಳೆಯ ಟಿಪ್ಪಣಿಯ ಮಾತುಗಳನ್ನು ಹಾಗೇ ಎತ್ತಿ ಹಾಕುವವರಲ್ಲಿ ‘ತೆರಿಗೆ ಸೇರಿ’ ಎಂಬ ಪದಗಳು ಉಳಿದುಬಿಡುತ್ತವೆ.

ದಿನಾಂಕವೇ ನಿರ್ಣಾಯಕ

ಮಧ್ಯಂತರ ಲಾಭಾಂಶದಲ್ಲಿ ಸದಸ್ಯರ ಸಭೆ ಬೇಕಿಲ್ಲ, ಮಂಡಳಿಯೇ ಘೋಷಿಸುತ್ತದೆ. ಹಿಂದೆ ಈ ಘೋಷಣೆಯನ್ನು ಹಣ ಕೊಡುವವರೆಗೆ ಹಿಂತೆಗೆದುಕೊಳ್ಳಬಹುದು ಎಂಬ ನಿಲುವಿತ್ತು. ಈಗ ಕಾಯ್ದೆಯ ವ್ಯಾಖ್ಯೆಯಲ್ಲಿಯೇ ಲಾಭಾಂಶ ಎಂದರೆ ಮಧ್ಯಂತರವೂ ಸೇರಿದೆ. ಘೋಷಣೆಯಾದ ಐದು ದಿನಗಳೊಳಗೆ ಮೊತ್ತವನ್ನು ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಬೇಕು. ಆದ್ದರಿಂದ ಮಂಡಳಿ ಮಾರ್ಚ್ 25ರಂದು ಮಧ್ಯಂತರ ಲಾಭಾಂಶ ಘೋಷಿಸಿ ಏಪ್ರಿಲ್‌ನಲ್ಲಿ ಪಾವತಿಸಿದರೆ ಅದು ಮಾರ್ಚ್ 31ರ ಹೊಣೆ. ಏಪ್ರಿಲ್ 5ರಂದು ಘೋಷಿಸಿದರೆ, ‘ಮುಗಿದ ವರ್ಷಕ್ಕೆ’ ಎಂದೇ ನಿರ್ಣಯದಲ್ಲಿ ಬರೆದಿದ್ದರೂ, ಹೊಣೆಯಲ್ಲ, ಟಿಪ್ಪಣಿ. ವಿತರಣಾ ತೆರಿಗೆ ಹೋಗುವ ಮುನ್ನ, 2020ರ ಫೆಬ್ರುವರಿ-ಮಾರ್ಚ್‌ನಲ್ಲಿ ಹಲವು ಕಂಪನಿಗಳು ತರಾತುರಿಯಲ್ಲಿ ಮಧ್ಯಂತರ ಲಾಭಾಂಶ ಘೋಷಿಸಿದವು. ಆ ವರ್ಷದ ಮೀಸಲಿನಲ್ಲಿ ಡಿವಿಡೆಂಡ್ ಎದ್ದು ಕಾಣುವುದಕ್ಕೆ ಇದೂ ಒಂದು ಕಾರಣ.

ಪ್ರಸ್ತಾವಿತ ಲಾಭಾಂಶವನ್ನು ಪಾವತಿಯಾಗದ ಲಾಭಾಂಶದ ಜೊತೆ ಬೆರೆಸುವುದು ಇನ್ನೊಂದು ಗೊಂದಲ. ನಮ್ಮ ಕಂಪನಿಯ 2024ರ ಆಗಸ್ಟಿನ ₹1 ಕೋಟಿಯಲ್ಲಿ ₹80,000 ಯಾರೂ ಪಡೆಯದೆ ಉಳಿದಿದೆ ಎನ್ನೋಣ. ಘೋಷಣೆಯಿಂದ ಮೂವತ್ತು ದಿನ ಕಳೆದ ಮೇಲೆ ಏಳು ದಿನಗಳೊಳಗೆ ಅದು ‘ಪಾವತಿಯಾಗದ ಲಾಭಾಂಶ ಖಾತೆ’ಗೆ ಹೋಗಿದೆ. ಇದು ಮಾರ್ಚ್ 31ರಂದು ನಿಜವಾದ ಹೊಣೆ. ಎದುರಿಗೆ ಬ್ಯಾಂಕಿನಲ್ಲಿ ಅದಕ್ಕೇ ಮೀಸಲಾದ ಬಾಕಿಯೂ ಇರುತ್ತದೆ. ಏಳು ವರ್ಷ ಕಳೆದರೆ ಅದು ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತದೆ.

ಪ್ರಸ್ತಾವವನ್ನು ಹೊಣೆಯಾಗಿ ಬರೆಯದಿರುವುದರ ಅರ್ಥ 2020ರ ವಸಂತದಲ್ಲಿ ಲಂಡನ್ನಿನಲ್ಲಿ ಚೆನ್ನಾಗಿ ತಿಳಿಯಿತು. ಲಾಯ್ಡ್ಸ್ ಬ್ಯಾಂಕಿಂಗ್ ಗ್ರೂಪ್ ಫೆಬ್ರುವರಿಯಲ್ಲಿ 2019ರ ಲೆಕ್ಕ ಪ್ರಕಟಿಸಿ, ಷೇರಿಗೆ 2.25 ಪೆನ್ಸ್ ಅಂತಿಮ ಲಾಭಾಂಶ ಶಿಫಾರಸು ಮಾಡಿತ್ತು. ಒಟ್ಟು ಮೊತ್ತ ಸುಮಾರು 160 ಕೋಟಿ ಪೌಂಡ್. ಅದು ಡಿಸೆಂಬರ್ 31ರ ಹೊಣೆಗಳಲ್ಲಿ ಇರಲಿಲ್ಲ. ಮಾರ್ಚ್ 31ರಂದು, ಕೋವಿಡ್ ಹರಡುತ್ತಿದ್ದಂತೆ, ಬ್ಯಾಂಕ್ ನಿಯಂತ್ರಕರ ಕೋರಿಕೆಯ ಮೇರೆಗೆ ಮಂಡಳಿ ಆ ಲಾಭಾಂಶವನ್ನು ರದ್ದುಮಾಡಿತು. ಸದಸ್ಯರ ಸಭೆ ಇನ್ನೂ ಆಗಿರಲಿಲ್ಲವಾದ್ದರಿಂದ ಯಾರಿಗೂ ಸಾಲ ಹುಟ್ಟಿರಲಿಲ್ಲ. ಹಳೆಯ ಪದ್ಧತಿಯಾಗಿದ್ದರೆ ಪ್ರಕಟವಾದ ಅಢಾವೆ ಪತ್ರಿಕೆಯಲ್ಲಿ ಎಂದೂ ಹುಟ್ಟದ ಒಂದು ಸಾಲ ನಿಂತಿರುತ್ತಿತ್ತು, ಮುಂದಿನ ವರ್ಷ ಅದನ್ನು ಮೀಸಲಿಗೆ ಹಿಂತಿರುಗಿಸಬೇಕಿತ್ತು. ಭಾರತದಲ್ಲೂ ಅದೇ ವರ್ಷದ ಏಪ್ರಿಲ್ 17ರಂದು ರಿಸರ್ವ್ ಬ್ಯಾಂಕ್, 2019-20ರ ಲಾಭದಿಂದ ಮುಂದೆ ಲಾಭಾಂಶ ಕೊಡಬೇಡಿ ಎಂದು ಬ್ಯಾಂಕುಗಳಿಗೆ ಸೂಚಿಸಿತು.

ಲೆಕ್ಕಪರಿಶೋಧನಾ ವರದಿಯಲ್ಲೂ ಈ ವಿಷಯಕ್ಕೆ ಜಾಗ ಸಿಕ್ಕಿದೆ. 2021ರಲ್ಲಿ ಸೇರಿದ ನಿಯಮ 11(ಎಫ್) ಪ್ರಕಾರ, ವರ್ಷದಲ್ಲಿ ಘೋಷಿಸಿದ ಅಥವಾ ಕೊಟ್ಟ ಲಾಭಾಂಶ ಕಾಯ್ದೆಯ 123ನೇ ಕಲಮಿಗೆ ಹೊಂದಿದೆಯೇ ಎಂದು ಪರಿಶೋಧಕರು ಹೇಳಬೇಕು. ವರ್ಷ ಮುಗಿದ ಮೇಲೆ ಪ್ರಸ್ತಾವಿಸಿದ್ದು ಇನ್ನೂ ಘೋಷಣೆಯಾಗಿರುವುದಿಲ್ಲ. ಆದ್ದರಿಂದ ವರದಿಗಳಲ್ಲಿ ಅದನ್ನು ಬೇರೆ ವಾಕ್ಯದಲ್ಲಿ, ಸದಸ್ಯರ ಒಪ್ಪಿಗೆಗೆ ಒಳಪಟ್ಟಿದೆ ಎಂದು ಸೇರಿಸಿಯೇ ಬರೆಯುತ್ತಾರೆ.

ಹೊರತಾದವು

ಪ್ರಿಫರೆನ್ಸ್ ಷೇರುಗಳೆಲ್ಲಕ್ಕೂ ಇದೇ ನಿಯಮ ಎಂದುಕೊಂಡರೆ ಇಂಡ್ ಎಎಸ್ ಅನುಸರಿಸುವ ಕಂಪನಿಗಳಲ್ಲಿ ಎಡವುತ್ತೇವೆ. ನಿಗದಿತ ದಿನ ಹಿಂತಿರುಗಿಸಲೇಬೇಕಾದ, ನಿಶ್ಚಿತ ದರದಲ್ಲಿ ಕೊಡಲೇಬೇಕಾದ ಪ್ರಿಫರೆನ್ಸ್ ಷೇರನ್ನು ಇಂಡ್ ಎಎಸ್ 32 ಸಾಲವೆಂದೇ ನೋಡುತ್ತದೆ. ಅದರ ಲಾಭಾಂಶ ಬಡ್ಡಿಯಂತೆ ದಿನದಿನಕ್ಕೆ ಬೆಳೆಯುವ ವೆಚ್ಚ. ಮಂಡಳಿ ಶಿಫಾರಸು ಮಾಡಲಿ ಬಿಡಲಿ ಲಾಭ-ನಷ್ಟದಲ್ಲಿ ಬರುತ್ತದೆ. ಇಂಡ್ ಎಎಸ್ 10 ತನ್ನ ನಿಯಮವನ್ನು ಈಕ್ವಿಟಿ ಸಾಧನಗಳಿಗೆ ಮಾತ್ರ ಸೀಮಿತಗೊಳಿಸಿರುವುದು ಇದಕ್ಕೇ. ಈಕ್ವಿಟಿಯಾಗಿಯೇ ಉಳಿದ ಸಂಚಿತ ಪ್ರಿಫರೆನ್ಸ್ ಷೇರಿನ ಬಾಕಿಯನ್ನು ಹೊಣೆಯಾಗಿ ಬರೆಯದೆ ಟಿಪ್ಪಣಿಯಲ್ಲಿ ಹೇಳುತ್ತಾರೆ. ಆದರೆ ಪ್ರತಿ ಷೇರಿನ ಗಳಿಕೆ ಲೆಕ್ಕ ಹಾಕುವಾಗ, ಘೋಷಿಸಿರದಿದ್ದರೂ, ಆ ವರ್ಷದ ಸಂಚಿತ ಲಾಭಾಂಶವನ್ನು ಲಾಭದಿಂದ ಕಳೆಯಲೇಬೇಕು.

ನಾಣ್ಯದ ಇನ್ನೊಂದು ಮುಖ ಲಾಭಾಂಶ ಪಡೆಯುವ ಕಂಪನಿಯ ಪುಸ್ತಕ. ಅಂಗಸಂಸ್ಥೆ ಮೇ ತಿಂಗಳಲ್ಲಿ ಪ್ರಸ್ತಾವಿಸಿದ ಲಾಭಾಂಶವನ್ನು ಮಾತೃಸಂಸ್ಥೆ ಮಾರ್ಚ್ 31ರ ಆದಾಯವಾಗಿ ತೋರಿಸುವಂತಿಲ್ಲ. ಪಡೆಯುವ ಹಕ್ಕು ಸ್ಥಿರವಾದಾಗಲೇ, ಅಂದರೆ ಅಂಗಸಂಸ್ಥೆಯ ಸದಸ್ಯರ ಸಭೆ ಒಪ್ಪಿದ ದಿನವೇ, ಅದು ಆದಾಯ. ಹಳೆಯ ಆರನೇ ಅನುಸೂಚಿ ಇಲ್ಲಿಯೂ ಬೇರೆ ದಾರಿ ಹಿಡಿದಿತ್ತು. ಮುಗಿದ ಅವಧಿಗೆ ಸಂಬಂಧಿಸಿದ ಅಂಗಸಂಸ್ಥೆಯ ಲಾಭಾಂಶವನ್ನು, ಘೋಷಣೆ ಅಢಾವೆ ದಿನಾಂಕದ ನಂತರವಾಗಿದ್ದರೂ, ಮಾತೃಸಂಸ್ಥೆ ಆ ವರ್ಷದ್ದೇ ಎಂದು ಲೆಕ್ಕಕ್ಕೆ ತರಬೇಕಿತ್ತು. 2011ರ ಪರಿಷ್ಕರಣೆ ಆ ಕಟ್ಟಳೆಯನ್ನು ಕೈಬಿಟ್ಟಿತು. ಈಗ ಕೊಡುವ ಕಂಪನಿಗೆ ಹೊಣೆಯಾಗುವ ದಿನವೂ ಪಡೆಯುವ ಕಂಪನಿಗೆ ಆದಾಯವಾಗುವ ದಿನವೂ ಒಂದೇ. ಸಮೂಹದೊಳಗಿನ ಬಾಕಿಗಳನ್ನು ಹೊಂದಿಸುವಾಗ ಒಂದು ಕಡೆ ಬರಬೇಕಾದ್ದು ಇದ್ದು ಇನ್ನೊಂದು ಕಡೆ ಕೊಡಬೇಕಾದ್ದು ಇಲ್ಲದಿದ್ದರೆ, ಯಾರೋ ಒಬ್ಬರು ಸಭೆಗೆ ಮುಂಚೆಯೇ ನಮೂದು ಹಾಕಿದ್ದಾರೆ.